ಹಪ್ಪಳದ ಲೆಕ್ಕದಲ್ಲಿ ಬಿಟ್ಟುಹೋದ ಕೂಲಿ

ಮಗಳಿಗೆ ಹದಿನಾಲ್ಕು ತುಂಬಿದಾಗ, ಕೇಳಿದಾಗಲೆಲ್ಲ ಕೊಡುವುದನ್ನು ಬಿಟ್ಟು ತಿಂಗಳಿಗೆ ಒಮ್ಮೆಲೇ 600 ರೂಪಾಯಿ ಕೊಡತೊಡಗಿದೆ. ಶಾಲೆಯ ತಿಂಡಿ, ಪೆನ್ನು, ಗೆಳತಿಯರ ಹುಟ್ಟುಹಬ್ಬದ ಉಡುಗೊರೆ ಎಲ್ಲವೂ ಅದರಲ್ಲೇ. ಮೊದಲ ತಿಂಗಳು ಒಂಬತ್ತನೇ ತಾರೀಕಿಗೇ ಕೈ ಖಾಲಿ. ಮುಂಗಡ ಕೇಳಿದಳು, ಕೊಟ್ಟೆ. ಮುಂದಿನ ತಿಂಗಳೂ ಅದೇ ಆಯಿತು. ತಪ್ಪು ನನ್ನದೇ. ಮೂರನೇ ತಿಂಗಳು ಕೊಡಲಿಲ್ಲ. ಮೂರು ದಿನ ಮಾತು ಬಿಟ್ಟಳು. ಆಮೇಲೆ ಹಣ ಕೈಗೆ ಬಂದ ದಿನವೇ 200 ರೂಪಾಯಿ ಡಬ್ಬಿಗೆ ಹಾಕುವುದನ್ನು ತಾನೇ ರೂಢಿಸಿಕೊಂಡಳು. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಹಾಕುತ್ತೇನೆಂದರೆ ಏನೂ ಉಳಿಯುವುದಿಲ್ಲ ಎಂಬುದು ಅಷ್ಟರಲ್ಲಿ ಅವಳಿಗೇ ತಿಳಿದಿತ್ತು.

ಆರು ತಿಂಗಳಿಗೆ 1,200 ಆಯಿತು. ಬೇಸಿಗೆಯಲ್ಲಿ ಅವಳ ಅಜ್ಜಿ ಉದ್ದಿನ ಹಪ್ಪಳ ಮಾಡಿ ಅಕ್ಕಪಕ್ಕದವರಿಗೆ ಮಾರುತ್ತಾರೆ. ಈ ಸಲದ ಬಂಡವಾಳ ನಿನ್ನದಾಗಲಿ, ಲಾಭದಲ್ಲಿ ಅರ್ಧ ನಿನಗೆ ಎಂದೆ. ಒಪ್ಪಂದವನ್ನು ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

ಐದು ಕಿಲೋ ಉದ್ದಿನ ಬೇಳೆ, ಬೀಸಿದ ಕೂಲಿ, ಮೆಣಸು, ಜೀರಿಗೆ, ಇಂಗು, ಹಪ್ಪಳಖಾರ, ಎಣ್ಣೆ, ಕವರ್ ಎಲ್ಲ ಸೇರಿ 1,150 ರೂಪಾಯಿ ಹೋಯಿತು. ಕಾಲು ಕಿಲೋದ ಇಪ್ಪತ್ತು ಪೊಟ್ಟಣ, ಒಂದಕ್ಕೆ ನೂರು ರೂಪಾಯಿ. 850 ಲಾಭ ಎಂದು ಮೊದಲೇ ಬರೆದಿಟ್ಟಳು. ಕೊನೆಯ ಬಾರಿ ಒಣಹಾಕಿದಾಗ ಮೋಡ ಕವಿಯಿತು. ಸರಿಯಾಗಿ ಒಣಗಿದ ಹಪ್ಪಳ ಮಡಿಸಿದರೆ ಪಟ್ಟೆಂದು ಮುರಿಯಬೇಕು, ಅವು ಬಾಗುತ್ತಿದ್ದವು. ಅಜ್ಜಿ ಇನ್ನೊಂದು ದಿನ ಕಾಯೋಣ ಎಂದರೂ ಇವಳು ಅವಸರಪಟ್ಟು ಕವರಿಗೆ ತುಂಬಿದಳು. ವಾರದೊಳಗೆ ಮೂರು ಪೊಟ್ಟಣಕ್ಕೆ ಬೂಷ್ಟು ಹಿಡಿಯಿತು. ಉಳಿದ ಹದಿನೇಳರಿಂದ 1,700 ಬಂತು, ಲಾಭ 550ಕ್ಕೆ ಇಳಿಯಿತು. ಅವಳ ಪಾಲು 275.

ಅಷ್ಟಕ್ಕೇ ಹಿಗ್ಗಿದಳು. ಆಗ ಅಜ್ಜಿ ಕೇಳಿದರು: “ಪುಟ್ಟಿ, ನಾನೂ ನಿನ್ನ ದೊಡ್ಡಮ್ಮನೂ ಮೂರು ಮಧ್ಯಾಹ್ನ ಲಟ್ಟಿಸಿದೆವಲ್ಲ, ಅದನ್ನು ಎಲ್ಲಿ ಬರೆದೆ?”

ಬರೆದಿರಲಿಲ್ಲ. ನಾನೂ ಗಮನಿಸಿರಲಿಲ್ಲ ಎನ್ನುವುದು ನಾಚಿಕೆಯ ಮಾತು. ಒಬ್ಬರಿಗೆ ಮಧ್ಯಾಹ್ನಕ್ಕೆ 150 ಎಂದು ಹಿಡಿದರೂ ಕೂಲಿಯೇ 900. ಲಾಭ ಹೋಗಿ 350 ನಷ್ಟವಾಯಿತು. ಮಗಳು ಬಹಳ ಹೊತ್ತು ಪುಟ ನೋಡುತ್ತಾ ಕುಳಿತಳು. ಪೊಟ್ಟಣಕ್ಕೆ ಎಷ್ಟು ಇಟ್ಟಿದ್ದರೆ ಸರಿಹೋಗುತ್ತಿತ್ತು ಎಂದು ಲೆಕ್ಕ ಹಾಕಿದಳು: ಇಪ್ಪತ್ತೂ ಮಾರಾಟವಾದರೆ 103, ಮೂರು ಕೆಟ್ಟರೆ 121. ಅಂಗಡಿಯ ಹಪ್ಪಳದ ಬೆಲೆ ವಿಚಾರಿಸಲು ತಾನೇ ಹೋದಳು.

ಅಜ್ಜಿ ಕೂಲಿ ತೆಗೆದುಕೊಳ್ಳಲಿಲ್ಲ. ಅವಳ 275 ಅವಳಿಗೇ ಉಳಿಯಿತು. ಅದರಲ್ಲಿ ನೂರು ರೂಪಾಯಿ ಹಾಕಿ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್.ಡಿ. ತೆರೆದಳು, ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನಲ್ಲೇ ತೆರೆಯಬಹುದು. ತಿಂಗಳ ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಈವರೆಗೆ ಒಮ್ಮೆ ಕಟ್ಟಿದ್ದಾಳೆ, ದಂಡವನ್ನು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದಾಳೆ, ಕೆಂಪು ಶಾಯಿಯಲ್ಲಿ.