ಐದನೇ ಸಲಕ್ಕೆ ಸರಿಹೋದ ಎಪಿಲೇಟರ್: ನನ್ನ ಅನುಭವ

ಮೊನ್ನೆ ಎರಡೂ ಕಾಲು ಸೇರಿಸಿ ಎಣಿಸಿದೆ, ಮೂರೇ ಮೂರು ಗುಳ್ಳೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಬಲಗಾಲಿನ ಮೀನಖಂಡ ಒಂದರಲ್ಲೇ 40ರ ಹತ್ತಿರ ಇದ್ದವು. ಕೂದಲನ್ನು ಬೇರು ಸಮೇತ ಕೀಳುವ ಈ ಎಪಿಲೇಟರ್ ಮಷೀನು ಅದೇ, ಕಾಲು ಅದೇ, ಬಳ್ಳಾರಿಯ ಬಿಸಿಲೂ ಅದೇ. ಆವಾಗ ನಮ್ಮ ಅತ್ತಿಗೆ "ಕೋಳಿ ಪುಕ್ಕ ಕಿತ್ತಂಗ ಕಿತ್ಕೊಂಡು ಕುಂತೀಯಲ್ಲವ್ವ, ಸುಮ್ನೆ ಪಾರ್ಲರ್‌ಗೆ ಹೋಗಬಾರ್ದೇನು?" ಅಂದಿದ್ದರು. ಪಾರ್ಲರ್ ಅಕ್ಕ ಕೂಡ ಎಪಿಲೇಟರ್ ಹಚ್ಚಿದರೆ ಇನ್‌ಗ್ರೋನ್ ಆಗೋದು, ಅಂದರೆ ಕೂದಲು ಚರ್ಮದ ಒಳಗೇ ಬೆಳೆದು ಗುಳ್ಳೆ ಏಳೋದು ಗ್ಯಾರಂಟಿ ಅಂತ ಹೇಳಿಬಿಟ್ಟಿದ್ದರು. ಇಬ್ಬರಿಗೂ ಈಗ ನನ್ನ ಕಾಲು ತೋರಿಸಿದ್ದೀನಿ.

ಕೂದಲು ಕೀಳಿಸಿಕೊಳ್ಳೋ ಪಾಡು ಏನು ಅಂತ ವ್ಯಾಕ್ಸಿಂಗ್ ಮಾಡಿಸಿಕೊಳ್ಳುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಹಾಗಾಗಿ ನೇರವಾಗಿ ನಾನು ಎಲ್ಲಿ ಎಡವಿದೆ ಅನ್ನೋದರಿಂದ ಶುರು ಮಾಡ್ತೀನಿ.

ಎರಡೂ ಕಾಲಿಗೆ ಪಾರ್ಲರ್‌ನಲ್ಲಿ ಸುಮಾರು 500 ರೂಪಾಯಿ ಆಗುತ್ತಿತ್ತು. ತಿಂಗಳಿಗೊಮ್ಮೆ ಅಂದರೆ ವರ್ಷಕ್ಕೆ 6,000. ನಾನು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಲೆಕ್ಕ ಬರೆಯುವವಳು, ಈ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರೋದು ಆಗಲಿಲ್ಲ. 4,500ರ ಆಸುಪಾಸಿನಲ್ಲಿ ವೈರ್ ಇಲ್ಲದ, ನೀರಲ್ಲೂ ನಡೆಯುವ ಒಂದು ಮಷೀನು ತರಿಸಿದೆ. ಒಂದು ವರ್ಷದಲ್ಲಿ ದುಡ್ಡು ವಾಪಸ್ ಅಂದುಕೊಂಡಿದ್ದೆ. ಆದರೆ ಮೊದಲ ಎರಡು ತಿಂಗಳಲ್ಲಿ ಕ್ರೀಮು, ಲೋಷನ್ನು, ಡಾಕ್ಟರ್ ಫೀಸು ಅಂತ ಇನ್ನೂ 1,800 ಹೋಯಿತು.

ಮೊದಲ ಸಲ ಮಾಡಿದ್ದೆಲ್ಲಾ ತಪ್ಪೇ. ಕೊನೆಯ ವ್ಯಾಕ್ಸ್ ಆಗಿ ಒಂದೂವರೆ ತಿಂಗಳಾಗಿತ್ತು, ಕೂದಲು ಒಂದು ಸೆಂಟಿಮೀಟರ್ ದಾಟಿತ್ತು. ಭಾನುವಾರ ಮಧ್ಯಾಹ್ನ, ಕರೆಂಟ್ ಇಲ್ಲ, ಬೆವರು ಇಳಿಯುತ್ತಿದೆ. ಅದರಲ್ಲೇ ಕೂತೆ. ಉದ್ದ ಕೂದಲನ್ನು ಮಷೀನು ಮೊದಲು ಸುತ್ತಿ ಎಳೆಯುತ್ತೆ, ಆಮೇಲೆ ಕೀಳುತ್ತೆ, ಅಂದರೆ ಒಂದೇ ಕೂದಲಿಗೆ ಎರಡು ಸಲ ನೋವು. ಬೇಗ ಮುಗಿಯಲಿ ಅಂತ ಗಟ್ಟಿಯಾಗಿ ಒತ್ತಿ ಸರಸರ ಎಳೆದೆ. ಒಂದು ಕಾಲು ಮುಗಿಯುವಷ್ಟರಲ್ಲಿ ಚಾರ್ಜ್ ಇಳಿದು ಮಷೀನಿನ ಸದ್ದು ಮಂದವಾಯಿತು, ಆದರೂ ಬಿಡದೆ ಎರಡನೇ ಕಾಲಿಗೂ ಹಚ್ಚಿದೆ. ಆ ಎರಡನೇ ಕಾಲೇ ಬಲಗಾಲು. ಮರುದಿನ ಬಿಗಿ ಜೀನ್ಸ್ ಹಾಕಿಕೊಂಡು ಕೆಲಸಕ್ಕೆ ಹೋದೆ.

ಮೂರನೇ ದಿನ ಕೈ ಆಡಿಸಿದರೆ ಕಾಲು ಚುಚ್ಚುತ್ತಿತ್ತು. ಶೇವ್ ಮಾಡಿದ ಹಾಗೆ. ಬೇರು ಸಮೇತ ಬಂದ ಕೂದಲು ಮೂರು ದಿನಕ್ಕೆ ಹುಟ್ಟಿ ಚುಚ್ಚೋದು ಸಾಧ್ಯವೇ ಇಲ್ಲ. ಅದು ಹೊಳೆದಿದ್ದು ಎರಡು ವಾರ ಆದ ಮೇಲೆ, ಗುಳ್ಳೆ ಎದ್ದಾಗ. ಒಂದೊಂದು ಗುಳ್ಳೆಯ ಒಳಗೂ ಕಪ್ಪು ಗೆರೆಯಂತೆ ಕೂದಲು ಸುರುಳಿ ಸುತ್ತಿಕೊಂಡು ಕಾಣುತ್ತಿತ್ತು. ಸೂಜಿ ತಗೊಂಡು ಕೆದಕಿದೆ. ಐದಾರು ಕಡೆ ಕೆದಕಿದ ಆ ಕಪ್ಪು ಕಲೆ ಹೋಗಲು ಏಳೆಂಟು ತಿಂಗಳು ಹಿಡಿಯಿತು. ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಗುಳ್ಳೆಗಿಂತ ಆ ಕಲೆಯದೇ ದೊಡ್ಡ ಕಾಟ.

ಆಮೇಲೆ ನಾನು ಒಂದು ಪರೀಕ್ಷೆ ಹಿಡಿದೆ. ಎಲ್ಲಾ ಗೊತ್ತಾಗಿದ್ದು ಅದರಿಂದಲೇ. ಯೂನಿಟ್‌ನಿಂದ ಒಂದು ತುಂಡು ಕಪ್ಪು ಡೆನಿಮ್ ತಂದೆ. ಅಂಗೈ ಅಗಲದಷ್ಟು ಜಾಗ ಎಪಿಲೇಟ್ ಮಾಡಿ, ಮಷೀನಿನ ತಲೆಯಿಂದ ಕೂದಲನ್ನು ಆ ಬಟ್ಟೆಯ ಮೇಲೆ ಉದುರಿಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಕಪ್ಪು ಬಟ್ಟೆ ಮೇಲೆ ಕಪ್ಪು ಕೂದಲು ಕಾಣಲ್ಲ ಅಂತ ಅನ್ನಿಸಬಹುದು, ಆದರೆ ನಮಗೆ ಬೇಕಾಗಿದ್ದು ಅದರ ಬುಡ. ಬೇರಿನಿಂದ ಬಂದ ಕೂದಲಿನ ತುದಿಯಲ್ಲಿ ಸಾಮಾನ್ಯವಾಗಿ ರವೆಗಿಂತ ಸಣ್ಣ ಬಿಳಿ ಚುಕ್ಕೆ ಇರುತ್ತೆ, ಟಾರ್ಚ್ ಬೆಳಕಿಗೆ ಮಿಂಚುತ್ತೆ. ಮುರಿದು ಬಂದ ಕೂದಲಿಗೆ ಅದು ಇರಲ್ಲ. ಒತ್ತಿ ಎಳೆಯುವ ನನ್ನ ಹಳೇ ರೀತಿಯಲ್ಲಿ 20 ಕೂದಲು ಎಣಿಸಿದೆ, ಚುಕ್ಕೆ ಇದ್ದಿದ್ದು ಏಳೋ ಎಂಟೋ. ಉಳಿದಿದ್ದೆಲ್ಲಾ ಚರ್ಮದ ಒಳಗೇ ಮುರಿದಿತ್ತು. ಹಾಗೆ ಮುರಿದ ಕೂದಲಿನ ತುದಿ ಚೂಪಾಗಿರುತ್ತೆ, ಮೇಲೆ ಬರುವ ಬದಲು ಪಕ್ಕದ ಚರ್ಮಕ್ಕೇ ಚುಚ್ಚಿಕೊಂಡು ಹೋಗುತ್ತೆ.

ಅಲ್ಲಿಂದ ಒಂದೊಂದೇ ಬದಲಿಸಿ, ಪ್ರತಿ ಸಲ 20 ಕೂದಲು ಎಣಿಸುತ್ತಾ ಹೋದೆ. ಉದ್ದ 2ರಿಂದ 4 ಮಿಲಿಮೀಟರ್ ಇದ್ದರೆ ಸಾಕು. ಹೊಸಬರು ಉದ್ದ ಕೂದಲಿಗೆ ಮಷೀನು ಹಚ್ಚಲೇಬೇಡಿ. ಒಂದು ಸಲ ವ್ಯಾಕ್ಸ್ ಮಾಡಿಸಿ ಹೊಸ ಕೂದಲು ಬಂದ ಮೇಲೆ ಶುರು ಮಾಡಿ, ಇಲ್ಲವೇ ಟ್ರಿಮ್ಮರ್‌ನಲ್ಲಿ ಸಣ್ಣಗೆ ಕತ್ತರಿಸಿಕೊಳ್ಳಿ. ಚಾರ್ಜ್ ತುಂಬಿರಲೇಬೇಕು, ಚಕ್ರ ಮಂದ ತಿರುಗಿದರೆ ಹಿಡಿಯುತ್ತೆ, ಕೀಳಲ್ಲ, ಮುರಿಯುತ್ತೆ. ನನ್ನದು ಅರ್ಧ ಗಂಟೆ ಬರುತ್ತೆ, ಹಾಗಾಗಿ ಒಂದು ರಾತ್ರಿಗೆ ಒಂದೇ ಕಾಲು. ಮಷೀನನ್ನು ಚರ್ಮಕ್ಕೆ ನೇರವಾಗಿ ನಿಲ್ಲಿಸಿ, ಇನ್ನೊಂದು ಕೈಯಿಂದ ಚರ್ಮ ಬಿಗಿಯಾಗಿ ಎಳೆದು, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ಇರುವೆ ನಡೆದಷ್ಟು ನಿಧಾನ ಹೋಗಬೇಕು. ಒತ್ತಲೇಬಾರದು. ಇಷ್ಟು ಮಾಡಿದ ಮೇಲೆ ನಾಲ್ಕನೇ ಸಲಕ್ಕೆ 20ಕ್ಕೆ 15, ಐದನೇ ಸಲಕ್ಕೆ 17 ಬಂತು. ಪಾರ್ಲರ್ ಅಕ್ಕನ ವ್ಯಾಕ್ಸ್ ಪಟ್ಟಿಯಿಂದಲೂ ಒಂದು ಸಲ ಕೂದಲು ಬಿಡಿಸಿ ಎಣಿಸಿದ್ದೀನಿ, ಅಲ್ಲಿ ನನ್ನಷ್ಟು ಬರಲಿಲ್ಲ.

ನೋವಿನ ವಿಷಯಕ್ಕೆ ಬರೋಣ. ಎಲ್ಲರೂ ಐಸ್ ಹಚ್ಚಿಕೊಂಡು ಕೂರು ಅಂತಾರೆ. ನಾನೂ ಹಚ್ಚಿದೆ. ಚರ್ಮ ಜುಮ್ಮೆಂದು ರೋಮ ನಿಂತಿತು, ಆವತ್ತು ಎಣಿಕೆಯೂ 11ಕ್ಕೆ ಇಳಿಯಿತು. ಈಗ ಮೊದಲು ಬಿಸಿ, ಆಮೇಲೆ ತಂಪು. ಹತ್ತು ನಿಮಿಷ ಬಿಸಿನೀರಿನ ಸ್ನಾನ, ಚೆನ್ನಾಗಿ ಒರೆಸಿ, ಬೆವರು ಇರದಂತೆ ಚಿಟಿಕೆ ಪೌಡರ್ ಸವರಿ, ಕೂಲರ್ ಮುಂದೆ ಕೂರೋದು. ಐಸ್ ಬೇಕಾಗೋದು ಮುಗಿದ ಮೇಲೆ, ಬಟ್ಟೆಯಲ್ಲಿ ಸುತ್ತಿ ಐದು ನಿಮಿಷ. ಹೊರಗಡೆಯ ಮೀನಖಂಡದಿಂದ ಶುರು ಮಾಡ್ತೀನಿ, ಅಲ್ಲಿ ನೋವು ಕಡಿಮೆ. ಎಲುಬಿನ ಮೇಲೆ, ಮೊಣಕಾಲಿನ ಹಿಂದೆ, ಪಾದದ ಗಂಟಿನ ಹತ್ತಿರ ಕೊನೆಗೆ. ಮುಟ್ಟಿನ ಹಿಂದಿನ ವಾರ ಮುಟ್ಟಲೇ ಹೋಗಲ್ಲ, ಆ ವಾರ ನನಗೆ ನೋವು ಸುಮಾರು ಎರಡರಷ್ಟು ಅನ್ನಿಸುತ್ತೆ. ಮುಟ್ಟು ಮುಗಿದ ವಾರ ಒಳ್ಳೇದು.

ಮೆಡಿಕಲ್ ಶಾಪ್‌ನಿಂದ ಮರಗಟ್ಟಿಸುವ ಕ್ರೀಮ್ ಕೂಡ ತಂದಿದ್ದೆ, ಲಿಡೋಕೇನ್ ಇರುವಂಥದ್ದು. ಸಣ್ಣ ಜಾಗಕ್ಕೆ ಹಚ್ಚಿ ಒಂದು ಗಂಟೆ ಬಿಟ್ಟರೆ ನೋವೇನೋ ಕಡಿಮೆಯಾಯಿತು, ಆದರೆ ಜಿಡ್ಡಿಗೆ ಕೂದಲು ಜಾರಿ ಜಾರಿ ಮುರಿಯಿತು. ಚರ್ಮದ ಡಾಕ್ಟರ್ ಹತ್ತಿರ ಕೇಳಿದಾಗ ಅವರು ಗದರಿದರು. ಇಡೀ ಕಾಲಿಗೆ ಬಳಿದುಕೊಂಡರೆ, ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಇನ್ನೂ ಜಾಸ್ತಿ, ಔಷಧ ರಕ್ತಕ್ಕೆ ಇಳಿದು ಹೃದಯಕ್ಕೇ ತೊಂದರೆ ಆಗಬಹುದಂತೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ನಿಜವಾಗಿ ನೋವು ಇಳಿಸಿದ್ದು ಬಿಡದೆ ಮಾಡಿದ್ದು. ಕೂದಲೆಲ್ಲಾ ಒಟ್ಟಿಗೆ ಹುಟ್ಟಲ್ಲ, ಹಾಗಾಗಿ ಶುರುವಿನಲ್ಲಿ ವಾರಕ್ಕೊಮ್ಮೆ ಹೊಸದಾಗಿ ಬಂದಿದ್ದನ್ನು ತೆಗೆಯುತ್ತಿದ್ದರೆ, ಮುಂದಿನ ಸಲ ಕೀಳಬೇಕಾದದ್ದೇ ಕಡಿಮೆ. ಈಗ ನನಗೆ ಮೂರು ವಾರಕ್ಕೊಮ್ಮೆ ಸಾಕು.

ನಡುವೆ ಒಂದು ಪ್ರಯೋಗ ಮಾಡಿದೆ. ಎಡಗಾಲು ಸ್ನಾನದಲ್ಲೇ ಒದ್ದೆಯಾಗಿ, ಬಲಗಾಲು ಒಣಗಿಸಿಕೊಂಡು. ಒದ್ದೆ ಕಾಲಿಗೆ ನೋವು ಕಡಿಮೆ ಅನ್ನೋದು ನಿಜ. ಆದರೆ ಸಣ್ಣ ಕೂದಲು ಚರ್ಮಕ್ಕೆ ಅಂಟಿಕೊಂಡು ಅರ್ಧ ಬಿಟ್ಟುಹೋಯಿತು, ಮೇಲೆ ಮತ್ತೆ ಮತ್ತೆ ಓಡಿಸಿ ಚರ್ಮ ಕೆಂಪಾಯಿತು. ನೋವು ತಡೆಯದವರು ಮೊದಲ ಸಲ ಒದ್ದೆ ಮಾಡಬಹುದು, ನಾನು ಒಣಗಿದ್ದಕ್ಕೇ ನಿಂತೆ.

ಎಲ್ಲಾ ಬೇರು ಸಮೇತ ಬಂದರೂ ಸ್ವಲ್ಪ ಇನ್‌ಗ್ರೋನ್ ಆಗೇ ಆಗುತ್ತೆ. ಹೊಸ ಕೂದಲಿನ ತುದಿ ಎಳೆಯದು, ಮೇಲಿನ ಸತ್ತ ಚರ್ಮ ತೂರಿ ಬರುವ ಶಕ್ತಿ ಇರಲ್ಲ. ನಮ್ಮಲ್ಲಿ ನಲ್ಲಿ ನೀರು ಬರದ ದಿನ ಬೋರ್ ನೀರೇ ಗತಿ. ಆ ಗಡಸು ನೀರಿಗೆ ಸೋಪು ಸರಿಯಾಗಿ ಹೋಗಲ್ಲ, ಕಾಲು ಬಿಳಿಬಿಳಿ ಒಣಗುತ್ತೆ. ಮೊದಲು ಪಾದ ಉಜ್ಜುವ ಕಲ್ಲಲ್ಲಿ ತಿಕ್ಕಿ ಚರ್ಮ ತರಚಿಕೊಂಡೆ. ಈಗ ಎಪಿಲೇಟ್ ಮಾಡುವ ಹಿಂದಿನ ದಿನ, ಒಣಗಿದ ಹೀರೆಕಾಯಿ ನಾರಿನಿಂದ ಮೆಲ್ಲಗೆ ಉಜ್ಜುತ್ತೀನಿ, ಮುಗಿದ ಮೇಲೆ ಎರಡು ದಿನ ಏನೂ ಉಜ್ಜಲ್ಲ, ಮೂರನೇ ದಿನದಿಂದ ವಾರಕ್ಕೆ ಎರಡು ಸಲ. 2 ಪರ್ಸೆಂಟ್ ಸ್ಯಾಲಿಸಿಲಿಕ್ ಆಸಿಡ್ ಲೋಷನ್ನೂ ಮೂರನೇ ರಾತ್ರಿಯಿಂದ, ರಾತ್ರಿ ಬಿಟ್ಟು ರಾತ್ರಿ. ಅದೇ ದಿನ ಹಚ್ಚಿದರೆ ಮೆಣಸಿನಕಾಯಿ ಸವರಿದಂತೆ ಉರಿಯುತ್ತೆ, ನಾನು ಹಚ್ಚಿ ನೋಡಿದ್ದೀನಿ. ಗರ್ಭಿಣಿಯರು ಡಾಕ್ಟರ್ ಕೇಳಿ ಹಚ್ಚಿ. ಮುಗಿದ ತಕ್ಷಣ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಬಿಸಿಲಿಗೆ ಹೋದ ದಿನ ತೊಡೆ ತುಂಬಾ ಬೆವರುಗುಳ್ಳೆಯಂಥವು ಎದ್ದವು. ಆಮೇಲೆ ಎಣ್ಣೆ ಬಿಟ್ಟು ತೆಳು ಲೋಳೆಸರ. ಅದರ ಜೊತೆ ಇನ್ನೊಂದು ಸೇರಿಸ್ತೀನಿ, ಅದೊಂದು ನನ್ನ ಹತ್ತಿರವೇ ಇರಲಿ.

ಜೀನ್ಸ್ ಊರಿನಲ್ಲಿದ್ದು ಈ ಮಾತು ಹೇಳಬೇಕಾಗಿದೆ: ಎರಡು ದಿನ ಬಿಗಿ ಜೀನ್ಸ್ ಬೇಡ. ನನಗೆ ಗುಳ್ಳೆ ಜಾಸ್ತಿ ಇದ್ದಿದ್ದು ತೊಡೆಯ ಒಳಗೆ ಹೊಲಿಗೆ ಉಜ್ಜುವ ಸಾಲಿನಲ್ಲೇ. ಎಪಿಲೇಟ್ ಮಾಡಿ, ಎರಡು ದಿನ ಸಡಿಲ ಚೂಡಿದಾರ್ ಹಾಕಿದ ಮೇಲೆ ಆ ಸಾಲು ಮಾಯವಾಯಿತು.

ಗುಳ್ಳೆ ಬಂದರೆ ದಿನಕ್ಕೆ ಎರಡು ಸಲ ಹತ್ತು ನಿಮಿಷ ಬಿಸಿನೀರ ಬಟ್ಟೆ ಇಡಿ. ಕೂದಲಿನ ಸುರುಳಿ ತಾನೇ ಮೇಲೆ ಕಂಡರೆ ಮಾತ್ರ ಸ್ಪಿರಿಟ್ ಒರೆಸಿದ ಸೂಜಿಯಿಂದ ಅದರ ತುದಿ ಎತ್ತಿಬಿಡಿ, ಕೀಳಬೇಡಿ. ಕಾಣದಿದ್ದರೆ ಕೆದಕಬೇಡಿ. ಕೀವು ತುಂಬಿದರೆ, ಕೆಂಪು ಹರಡಿದರೆ, ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಮೊದಲೇ ಕೇಳಿಕೊಳ್ಳಿ.

ಕಳೆದ ತಿಂಗಳು ಅತ್ತಿಗೆ ಮಷೀನು ಕೇಳಿದರು. ಕೊಡಲಿಲ್ಲ. ಕೀಳುವಾಗ ಚುಕ್ಕೆಯಷ್ಟು ರಕ್ತ ಬರಬಹುದು, ಸ್ಪಿರಿಟ್ ಹಚ್ಚಿ ತೊಳೆದರೂ ಒಬ್ಬರದನ್ನು ಇನ್ನೊಬ್ಬರು ಹಚ್ಚಿಕೊಳ್ಳೋದು ತಪ್ಪು. ಅವರೇ ಒಂದು ತರಿಸಿಕೊಂಡರು, ನಾನು ಡೆನಿಮ್ ತುಂಡು ಕೊಟ್ಟೆ. ಮೊನ್ನೆ ರಾತ್ರಿ ಫೋನ್ ಮಾಡಿ, "ಇಪ್ಪತ್ತಕ್ಕ ಹದಿಮೂರು ಬಂತವ್ವ, ಟಾರ್ಚ್ ಹಿಡ್ಕೊಂಡು ಎರಡು ಸಲ ಎಣಿಸೀನಿ" ಅಂದರು. ಚಾರ್ಜ್ ಎಷ್ಟಿತ್ತು ಅಂತ ಕೇಳಿದೆ. ನೋಡೇ ಇಲ್ಲ ಅಂದರು.