ಜಾತ್ರೆ ಪೋಸ್ಟರಿನ ಅಚ್ಚಿನಲ್ಲೇ ಬೆಣ್ಣೆದೋಸೆ ಪೋಸ್ಟರ್

ದುಗ್ಗಮ್ಮನ ಜಾತ್ರೆಯ ಹಳೇ ಪೋಸ್ಟರ್ ನೋಡಿ ಹೋಟೆಲ್‌ಗೆ ಚಿತ್ರ ಬಿಡಿಸುವ AIಯಿಂದ ಹೊಸದು ಮಾಡಿಸುವವರು, ಪ್ರಾಂಪ್ಟಿನಲ್ಲಿ ಮೊದಲು ಜಾಗಗಳನ್ನಷ್ಟೇ ಬರೆಯಿರಿ: “4:5 ಅಳತೆಯ ಉದ್ದನೆಯ ಪೋಸ್ಟರ್. ಮೇಲಿನ ಕಾಲುಭಾಗ ಖಾಲಿ. ನಡುವೆ ಅರ್ಧ ಎತ್ತರದ ಒಂದೇ ಆಕೃತಿ. ಕೆಳಗೆ ಅಂಚಿನಿಂದ ಅಂಚಿಗೆ ಬಣ್ಣದ ಪಟ್ಟಿ.”

ಆಮೇಲೆ ಬೇರೆ ಪ್ಯಾರಾದಲ್ಲಿ ವಿಷಯ: “ಆಕೃತಿ: ತಟ್ಟೆಯಲ್ಲಿ ಬೆಣ್ಣೆದೋಸೆ, ಮೇಲೆ ಬೆಣ್ಣೆ ಮುದ್ದೆ. ಬಣ್ಣ: ಕೆನೆ, ಕಂದು.” ‘ದೇವಿ ಬದಲು ದೋಸೆ’ ಅಂತ ಬರೆಯಬೇಡಿ, ಹೆಸರು ಬಂದರೆ ಸಾಕು, ಎಷ್ಟೋ ಸಲ AI ದೇವಿಯನ್ನೂ ಬಿಡಿಸಿಬಿಡುತ್ತೆ.

ಹಳೇ ಪೋಸ್ಟರನ್ನೂ ಜೊತೆಗೆ ಹಾಕುವುದಾದರೆ ಕಪ್ಪು-ಬಿಳುಪು ಮಾಡಿ ಹಾಕಿ. ಇಲ್ಲದಿದ್ದರೆ ಕುಂಕುಮದ ಕೆಂಪು ದೋಸೆಗೂ ಹತ್ತುತ್ತೆ! ಕನ್ನಡ ಅಕ್ಷರ ಮಾತ್ರ AIಯಿಂದ ಬರೆಸಬೇಡಿ, ಒತ್ತಕ್ಷರಗಳು ಸುಲಭವಾಗಿ ಕೆಡುತ್ತವೆ. ಮೇಲಿನ ಖಾಲಿ ಜಾಗದಲ್ಲಿ ನೀವೇ ಟೈಪ್ ಮಾಡಿ.