ನಡೆಯುತ್ತಿರುವ ಗೃಹಸಾಲಕ್ಕೆ ಸಂಗಾತಿಯ ಹೆಸರು ಸೇರಿಸುವುದು ಹೇಗೆ?

ಮದುವೆಗೆ ಮುಂಚೆ ಒಬ್ಬರೇ ಸಾಲ ತೆಗೆದು ಮನೆ ಕೊಂಡಿರುತ್ತಾರೆ. ಈಗ ಇಬ್ಬರೂ ದುಡಿಯುತ್ತಾರೆ, ಕಂತೂ ಇಬ್ಬರ ಸಂಬಳದಿಂದಲೇ ಹೋಗುತ್ತಿದೆ. ಹಾಗಾದರೆ ಹೆಸರೂ ಇಬ್ಬರದ್ದೇ ಇರಲಿ ಅನಿಸುವುದು ಸಹಜ. ಬ್ಯಾಂಕಿಗೆ ಒಂದು ಅರ್ಜಿ ಕೊಟ್ಟರೆ ಆಯಿತು ಅಂದುಕೊಂಡು ಹೋದವರಿಗೆ ಅಲ್ಲಿನ ಸಿಬ್ಬಂದಿ ಕೇಳುವ ಮೊದಲ ಪ್ರಶ್ನೆ: ‘ಹೆಸರು ಸಾಲಕ್ಕೆ ಸೇರಿಸಬೇಕೋ, ಮನೆಗೋ?’

ಇವೆರಡೂ ಬೇರೆ ಬೇರೆ ಕೆಲಸ. ಸಾಲಕ್ಕೆ ಹೆಸರು ಸೇರಿದರೆ ಅವರು ಸಹ ಅರ್ಜಿದಾರರು, ಅಂದರೆ ಸಾಲ ತೀರಿಸುವ ಹೊಣೆ ಅವರ ಮೇಲೂ ಬೀಳುತ್ತದೆ. ಅಷ್ಟರಿಂದ ಮನೆಯಲ್ಲಿ ಪಾಲು ಸಿಗುವುದಿಲ್ಲ. ಪಾಲು ಬೇಕಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಣಿ ಆಗಬೇಕು. ಅದನ್ನು ಬ್ಯಾಂಕು ಮಾಡಿಕೊಡುವುದಿಲ್ಲ. ಆದರೆ ಮನೆ ಅಡವಿನಲ್ಲಿ ಇರುವುದರಿಂದ ಬ್ಯಾಂಕನ್ನು ಬಿಟ್ಟು ಮಾಡುವಂತೆಯೂ ಇಲ್ಲ. ಸಾಮಾನ್ಯವಾಗಿ ಬ್ಯಾಂಕುಗಳು ಮನೆಯ ಮಾಲೀಕರೆಲ್ಲ ಸಾಲದಲ್ಲೂ ಇರಲಿ ಅನ್ನುತ್ತವೆ. ಸಾಲದಲ್ಲಿ ಇರುವವರೆಲ್ಲ ಮಾಲೀಕರೇ ಆಗಿರಬೇಕು ಅಂತ ಮಾತ್ರ ಇಲ್ಲ.

ಮೊದಲು: ಯಾಕೆ ಬೇಕು ಅಂತ ಲೆಕ್ಕ ಹಾಕಿ

ಹೆಚ್ಚಿನವರು ಹೇಳುವ ಕಾರಣ ತೆರಿಗೆ. ಒಂದು ಉದಾಹರಣೆ ನೋಡೋಣ. ಮನೆ ಗಂಡನ ಹೆಸರಲ್ಲಿದೆ, ಅದರಲ್ಲೇ ವಾಸ. ಬಾಕಿ ಸಾಲ 32 ಲಕ್ಷ, ಬಡ್ಡಿ ಶೇ 8.5. ವರ್ಷಕ್ಕೆ ಸುಮಾರು 2.7 ಲಕ್ಷ ಬಡ್ಡಿ ಕಟ್ಟುತ್ತಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಒಬ್ಬರಿಗೆ ಸಿಗುವ ಬಡ್ಡಿ ವಿನಾಯಿತಿ ಹೆಚ್ಚೆಂದರೆ 2 ಲಕ್ಷ. ಉಳಿದ 70 ಸಾವಿರ ಸುಮ್ನೆ ವ್ಯರ್ಥ. ಹೆಂಡತಿಗೆ ಅರ್ಧ ಪಾಲು ದಾನಪತ್ರ ಮಾಡಿಕೊಟ್ಟು, ಅವರನ್ನು ಸಾಲಕ್ಕೂ ಸೇರಿಸಿದರೆ ಆ 70 ಸಾವಿರವನ್ನು ಅವರು ತೋರಿಸಬಹುದಲ್ವಾ?

ಇಲ್ಲೇ ತೊಡಕು. ಸಂಗಾತಿಗೆ ತಕ್ಕ ಬೆಲೆ ಪಡೆಯದೆ ಮನೆಯ ಪಾಲು ಕೊಟ್ಟರೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಕೊಟ್ಟವರನ್ನೇ ಆ ಪಾಲಿನ ಮಾಲೀಕರು ಅಂತ ನೋಡಲಾಗುತ್ತದೆ. ದಾನ ಪಡೆದದ್ದಕ್ಕೆ ಹೆಂಡತಿ ತೆರಿಗೆ ಕಟ್ಟಬೇಕಿಲ್ಲ, ಅದು ನಿಜ. ಆದರೆ ಆ ಪಾಲಿನ ಮೇಲೆ ಬಡ್ಡಿ ವಿನಾಯಿತಿ ಕೇಳಿದರೆ ತಕರಾರು ಬರುತ್ತದೆ. ಮನೆ ಬಾಡಿಗೆಗೆ ಕೊಟ್ಟಿದ್ದರೆ ಆ ಪಾಲಿನ ಬಾಡಿಗೆಯೂ ಗಂಡನ ಆದಾಯಕ್ಕೇ ಸೇರುತ್ತದೆ. ಪಾಲನ್ನು ನಿಜವಾಗಿ ದುಡ್ಡು ಕೊಟ್ಟು ಕೊಂಡರೆ ಈ ತೊಡಕಿಲ್ಲ, ಆದರೆ ಕ್ರಯಪತ್ರದ ಪೂರ್ತಿ ಮುದ್ರಾಂಕ ಶುಲ್ಕ ತೆರಬೇಕು. ಬರೀ ತೆರಿಗೆಗಾಗಿ ದಾನಪತ್ರ ಮಾಡಿಸುವುದು ನನ್ನ ಪ್ರಕಾರ ದಂಡ. ಇನ್ನು ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ವಾಸದ ಮನೆಯ ಬಡ್ಡಿ ವಿನಾಯಿತಿಯೇ ಇಲ್ಲ.

‘ನನ್ನ ನಂತರ ಮನೆ ಅವಳಿಗೆ ಬರಲಿ’ ಅನ್ನುವುದಷ್ಟೇ ಉದ್ದೇಶವಾದರೆ ಉಯಿಲು ಸಾಕು. ಮನೆ ಅಡವಿನಲ್ಲಿದ್ದರೂ ಉಯಿಲು ಬರೆಯಬಹುದು. ಸಾಲದ ಬಾಕಿಯೂ ಮನೆಯ ಜೊತೆಗೇ ಹೋಗುತ್ತದೆ ಅನ್ನುವುದು ನೆನಪಿರಲಿ.

ಹಾಗಾದರೆ ಹೆಸರು ಸೇರಿಸುವುದು ಯಾರಿಗೆ ಉಪಯೋಗ? ಈಗಲೇ ಸಂಗಾತಿಗೆ ನಿಜವಾದ ಪಾಲು ಕೊಡಬೇಕು ಅನ್ನುವವರಿಗೆ. ಒಬ್ಬರ ಸಂಬಳದ ಮೇಲೆ ಟಾಪ್ ಅಪ್ ಸಾಲ ಸಿಗದೆ ಇಬ್ಬರ ಆದಾಯ ತೋರಿಸಬೇಕಾದವರಿಗೆ.

ಅರ್ಜಿಯಲ್ಲಿ ಏನಿರಬೇಕು

ಅರ್ಜಿ ಶಾಖಾ ವ್ಯವಸ್ಥಾಪಕರ ಹೆಸರಿಗೆ ಇರಲಿ, ಇಬ್ಬರೂ ಸಹಿ ಹಾಕಿ. ಎರಡು ಕೋರಿಕೆಗಳನ್ನು ಬಿಡಿಸಿ ಬರೆಯಿರಿ. ಈ ರೀತಿ:

> ‘ನನ್ನ ಗೃಹಸಾಲ ಖಾತೆ ಸಂಖ್ಯೆ ______. ಇದಕ್ಕೆ ಅಡವಾಗಿರುವ ಮನೆಯಲ್ಲಿ ಅರ್ಧ ಅವಿಭಜಿತ ಪಾಲನ್ನು ನನ್ನ ಪತ್ನಿಗೆ ನೋಂದಾಯಿತ ದಾನಪತ್ರದ ಮೂಲಕ ಕೊಡಲು ಬಯಸಿದ್ದೇನೆ. ಬ್ಯಾಂಕಿನ ಅಡಮಾನ ಹಕ್ಕಿಗೆ ಧಕ್ಕೆ ಬಾರದಂತೆ ಇದಕ್ಕೆ ನಿರಾಕ್ಷೇಪಣಾ ಪತ್ರ ಕೊಡಬೇಕೆಂದು ಕೋರುತ್ತೇನೆ. ಪತ್ರ ನೋಂದಣಿಯಾದ ಮೇಲೆ ಅವರನ್ನು ಈ ಸಾಲಕ್ಕೆ ಸಹ ಅರ್ಜಿದಾರರಾಗಿ ಸೇರಿಸಲು ಇಬ್ಬರೂ ಒಪ್ಪಿದ್ದೇವೆ. ಅಗತ್ಯ ದಾಖಲೆ ಮತ್ತು ಶುಲ್ಕದ ವಿವರವನ್ನು ಲಿಖಿತವಾಗಿ ತಿಳಿಸಿ.’

ಪಾಲು ಬೇಡ, ಸಾಲಕ್ಕೆ ಹೆಸರು ಸೇರಿದರೆ ಸಾಕು ಅನ್ನುವವರು ದಾನಪತ್ರದ ಮಾತನ್ನು ಬಿಟ್ಟು ಬರೆಯಲಿ. ಜೊತೆಗೆ ಸಂಗಾತಿಯ ಪ್ಯಾನ್, ಆಧಾರ್, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಮದುವೆ ನೋಂದಣಿ ಪತ್ರದ ಪ್ರತಿ ಇಡಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಆ ದಿನಾಂಕವೇ ಆಧಾರ.

ಬ್ಯಾಂಕು ಸಂಗಾತಿಯ ಸಿಬಿಲ್ ಅಂಕ ನೋಡುತ್ತದೆ, ಆದಾಯ ನೋಡುತ್ತದೆ. ಕೆಲವು ಬ್ಯಾಂಕುಗಳು ಪೂರಕ ಕರಾರಿಗೆ ಸಹಿ ಹಾಕಿಸಿ ಮುಗಿಸುತ್ತವೆ. ಇನ್ನು ಕೆಲವು ಇದನ್ನು ಹೊಸ ಸಾಲದಂತೆಯೇ ನೋಡಿ, ಪ್ರೊಸೆಸಿಂಗ್ ಶುಲ್ಕ ಕೇಳುತ್ತವೆ. ಹೊಸ ಸಾಲ ಅಂದರೆ ಬಡ್ಡಿ ದರ ಬದಲಾಗುತ್ತದೆಯೇ, ಅವಧಿ ಮತ್ತೆ ಉದ್ದ ಆಗುತ್ತದೆಯೇ ಅಂತ ಸಹಿಗೆ ಮುಂಚೆ ಕೇಳಿ.

ಕ್ರಮ ತಪ್ಪಬಾರದು

ಮೊದಲು ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಆಮೇಲೆ ದಾನಪತ್ರ, ಕೊನೆಗೆ ಪೂರಕ ಕರಾರು. ಒಪ್ಪಿಗೆ ಇಲ್ಲದೆ ದಾನಪತ್ರ ಮಾಡಿಸಿದರೆ ಸಾಲದ ಕರಾರಿನ ಷರತ್ತು ಮುರಿದಂತೆ. ಋಣಭಾರ ಪತ್ರದಲ್ಲಿ ಆ ವ್ಯವಹಾರ ಕಂಡೇ ಕಾಣುತ್ತದೆ. ಬ್ಯಾಂಕಿನ ವಕೀಲರು ಅದನ್ನು ಮುಂದೆ ಯಾವಾಗಲೋ ನೋಡಿ ತಕರಾರು ತೆಗೆಯುತ್ತಾರೆ.

ದಾನಪತ್ರ ನೋಂದಣಿ ಆಗಲೇಬೇಕು, ಕನಿಷ್ಠ ಇಬ್ಬರು ಸಾಕ್ಷಿ ಬೇಕು, ಪಡೆಯುವವರು ದಾನವನ್ನು ಒಪ್ಪಿಕೊಂಡಿರಬೇಕು. ಮನೆಯ ಮೇಲೆ ಸಾಲ ಇರುವುದನ್ನೂ ಬ್ಯಾಂಕಿನ ಒಪ್ಪಿಗೆ ಪತ್ರದ ದಿನಾಂಕವನ್ನೂ ಪತ್ರದಲ್ಲೇ ಬರೆಯಿಸಿ. ಕರ್ನಾಟಕದಲ್ಲಿ ಗಂಡ ಹೆಂಡತಿ ನಡುವಿನ ದಾನಪತ್ರಕ್ಕೆ ಮನೆಯ ಬೆಲೆಯ ಮೇಲೆ ಶೇಕಡಾ ಲೆಕ್ಕ ಇಲ್ಲ, ನಿಗದಿತ ಮುದ್ರಾಂಕ ಶುಲ್ಕ. ಅದು ಕ್ರಯಪತ್ರದ ಶುಲ್ಕಕ್ಕಿಂತ ತುಂಬಾ ಕಡಿಮೆ. ನೋಂದಣಿಯ ನಂತರ ಮನೆಯ ಖಾತೆಯಲ್ಲೂ ಇಬ್ಬರ ಹೆಸರು ಬರುವಂತೆ ಅರ್ಜಿ ಹಾಕಿ. ಮೂಲ ದಾನಪತ್ರವನ್ನು ಬ್ಯಾಂಕು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಕೊಡುವ ಮುಂಚೆ ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಿ. ಅಡಮಾನವನ್ನು ಇಬ್ಬರೂ ಸೇರಿ ಮತ್ತೆ ದೃಢಪಡಿಸಿ ಸಹಿ ಹಾಕಬೇಕಾಗಬಹುದು, ಅದಕ್ಕೆ ಬೇರೆ ಖರ್ಚು.

ಸೇರಿತೋ ಇಲ್ಲವೋ ಗೊತ್ತಾಗುವುದು ಹೇಗೆ

ಸಹಿ ಹಾಕಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಒಂದೆರಡು ತಿಂಗಳ ನಂತರ ಸಂಗಾತಿಯ ಸಿಬಿಲ್ ವರದಿ ತೆಗೆಯಿರಿ. ಅದರಲ್ಲಿ ಈ ಸಾಲ ಜಂಟಿ ಖಾತೆ ಅಂತ ಕಾಣಬೇಕು. ವರ್ಷದ ಬಡ್ಡಿ ಪ್ರಮಾಣಪತ್ರದಲ್ಲಿ ಇಬ್ಬರ ಹೆಸರೂ ಇರಬೇಕು. ಇನ್ನು ಮುಂದೆ ಒಂದು ಕಂತು ತಪ್ಪಿದರೂ ಇಬ್ಬರ ಅಂಕವೂ ಇಳಿಯುತ್ತದೆ. ಸಂಸಾರ ಮುರಿದರೂ ಬ್ಯಾಂಕು ಒಪ್ಪದೆ ಸಾಲದಿಂದ ಹೆಸರು ತೆಗೆಯಲು ಆಗುವುದಿಲ್ಲ. ಸಾಲದ ಜೊತೆ ತೆಗೆದ ವಿಮೆ ಹಳೆಯ ಸಾಲಗಾರರಿಗೆ ಮಾತ್ರ ಇರುತ್ತದೆ, ಹೊಸಬರ ಹೆಸರಿಗೆ ಬೇಕಾದರೆ ಬೇರೆ ಕೇಳಬೇಕು.

ಬ್ಯಾಂಕು ಆಗುವುದಿಲ್ಲ ಅಂದರೆ ಕಾರಣವನ್ನು ಬರೆದು ಕೊಡಿ ಅನ್ನಿ. ಸಂಗಾತಿಯನ್ನು ಸೇರಿಸಿಕೊಳ್ಳುವ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವ ದಾರಿಯೂ ಇದೆ. ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಅರ್ಜಿಗೆ ಉತ್ತರವೇ ಬರದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ 30 ದಿನ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ಸೀಲು ಹಾಕಿಸಿಕೊಂಡ ಅರ್ಜಿಯ ಪ್ರತಿಯನ್ನೂ ಅದರ ಜೊತೆ ಸೇರಿಸಿ.